ಅಕ್ಷರ ಉಳಿಯಬೇಕು, ಅಂಗಿಯ ಬಣ್ಣ ಮಾತ್ರ ಬದಲಾಗಬೇಕು: ಯಾವ ದಾರಿ ನಿಮಗೆ?

ರಾಜ್ಯೋತ್ಸವ ಹತ್ತಿರ ಬಂತೆಂದರೆ ಮುಂಬಯಿಯ ಕನ್ನಡ ಬಳಗಗಳಲ್ಲಿ ಒಂದೇ ಪ್ರಶ್ನೆ ಏಳುತ್ತದೆ. ಹಿಂದೆ ಮಾಡಿಸಿದ ಬಿಳಿ ಟಿ-ಶರ್ಟುಗಳು ಕಪಾಟಿನಲ್ಲಿ ಹಳದಿಗಟ್ಟಿವೆ. ಎದೆಯ ಮೇಲಿನ ಎಂಬ್ರಾಯ್ಡರಿ ಲಾಂಛನ ಮಾತ್ರ ಇನ್ನೂ ಹೊಳೆಯುತ್ತಿದೆ, ಬೆನ್ನಿನ ಮೇಲಿನ ಹೆಸರೂ ಎಲ್ಲೂ ಬಿರುಕು ಬಿಟ್ಟಿಲ್ಲ. ಹೊಸದು ಮಾಡಿಸುವ ಬದಲು ಬಟ್ಟೆಗೆ ಬೇರೆ ಬಣ್ಣ ಹಾಕಿಸಿದರೆ ಆಗದೇ? ಅಕ್ಷರ, ಲಾಂಛನ ಇದ್ದ ಹಾಗೇ ಉಳಿಯುತ್ತವೆಯೇ? ಒಬ್ಬರು ಅಂಗಡಿಯ ಪೊಟ್ಟಣದ ಬಣ್ಣ ತಂದು ಕುದಿಸಿ ಎನ್ನುತ್ತಾರೆ, ಇನ್ನೊಬ್ಬರು ಬಟ್ಟೆಗೆ ಬಣ್ಣ ಹಾಕುವ ರಂಗಾರಿಗೆ ಕೊಡಿ ಎನ್ನುತ್ತಾರೆ, ಮತ್ತೊಬ್ಬರು ಮೇಣ ಹಚ್ಚಿ ಮುಳುಗಿಸಿ ಎನ್ನುತ್ತಾರೆ. ಈ ಮೂರೂ ಮಾತು ಸರಿ, ಆದರೆ ಮೂರೂ ಒಂದೇ ಅಂಗಿಗೆ ಸರಿಯಲ್ಲ.

ನಾನು ಇಲ್ಲಿ ಹತ್ತಿಯ ಟಿ-ಶರ್ಟು, ಕುರ್ತಾಗಳ ವಿಷಯವನ್ನಷ್ಟೇ ಹೇಳುತ್ತೇನೆ. ಕ್ರಿಕೆಟ್ ತಂಡಗಳ ನುಣುಪು ಜೆರ್ಸಿಗಳು ಪೂರ್ತಿ ಪಾಲಿಯೆಸ್ಟರ್. ಅವುಗಳ ಮೇಲಿನ ಅಕ್ಷರಗಳು ಹೆಚ್ಚಾಗಿ ಸಬ್ಲಿಮೇಶನ್ ಪ್ರಿಂಟ್, ಅಂದರೆ ಅಕ್ಷರದ ಬಣ್ಣವೂ ಬಟ್ಟೆಯ ಬಣ್ಣವೂ ಅದೇ ಎಳೆಯ ಒಳಗಿರುತ್ತವೆ. ಒಂದನ್ನು ಬಿಟ್ಟು ಇನ್ನೊಂದನ್ನು ಬದಲಿಸಲು ಬರುವುದಿಲ್ಲ. ಅಂಥ ಜೆರ್ಸಿಯ ಆಸೆ ಬಿಟ್ಟುಬಿಡಿ.

ಮೊದಲು ನೋಡಬೇಕಾದ ನಾಲ್ಕು ಸಂಗತಿ

ಯಾವ ಬಣ್ಣ ಎಂದು ಯೋಚಿಸುವ ಮೊದಲು ಗುರುತು ಯಾವುದರಿಂದ ಮಾಡಿದ್ದು ಎಂದು ತಿಳಿಯಬೇಕು. ಹತ್ತಿಗೆ ಹಿಡಿಯುವ ಬಣ್ಣ ಪಾಲಿಯೆಸ್ಟರಿಗೆ ಹಿಡಿಯುವುದಿಲ್ಲ. ಪಾಲಿಯೆಸ್ಟರಿಗೆ ಬೇರೆಯೇ ಜಾತಿಯ ಬಣ್ಣ ಬೇಕು, ಅದನ್ನು ಕುದಿಯುವ ನೀರಿಗಿಂತಲೂ ಹೆಚ್ಚು ಬಿಸಿಯಲ್ಲಿ, ಸುಮಾರು 130 ಡಿಗ್ರಿಯಲ್ಲಿ, ಒತ್ತಡದ ಯಂತ್ರದೊಳಗೆ ಹಾಕುತ್ತಾರೆ. ಹಾಗಾಗಿ ಹತ್ತಿಯ ಅಂಗಿಯ ಮೇಲೆ ಪಾಲಿಯೆಸ್ಟರ್ ದಾರದ ಲಾಂಛನವಿದ್ದರೆ ಅದನ್ನು ನೀವು ಕಾಪಾಡಬೇಕಾಗಿಯೇ ಇಲ್ಲ, ಅದು ತನ್ನನ್ನು ತಾನೇ ಕಾಪಾಡಿಕೊಳ್ಳುತ್ತದೆ. ಅದೇ ದಾರ ರೇಯಾನ್ ಆಗಿದ್ದರೆ ಕಥೆ ಬೇರೆ. ರೇಯಾನ್ ಹತ್ತಿಯ ಹಾಗೆಯೇ ಸಸ್ಯಮೂಲದ್ದು, ಬಣ್ಣವನ್ನು ಹತ್ತಿಗಿಂತ ಬೇಗ ಕುಡಿಯುತ್ತದೆ. ನೋಡಲು ಎರಡೂ ಒಂದೇ ಹೊಳಪು. ಕಣ್ಣಿನಿಂದ ನಿರ್ಧರಿಸಬೇಡಿ.

ನಾನು ನಂಬುವ ಪರೀಕ್ಷೆ ಹೀಗಿದೆ. ಅಂಗಿಯನ್ನು ಮಗುಚಿ ಲಾಂಛನದ ಹಿಂಬದಿ ನೋಡಿ. ಅಲ್ಲಿ ಕಾಣುವ ಬಿಳಿ ದಾರ ಬಾಬಿನ್ನಿನದು, ಅದು ಮೋಸಗೊಳಿಸುತ್ತದೆ. ನಿಮಗೆ ಬೇಕಾದದ್ದು ಮುಂಬದಿಯ ಬಣ್ಣದ ದಾರದ ತುದಿ. ಒಂದು ಬಣ್ಣದಿಂದ ಇನ್ನೊಂದಕ್ಕೆ ಹೋಗುವಾಗ ಯಂತ್ರ ಕತ್ತರಿಸಿದ ಚಿಕ್ಕ ತುದಿಗಳು ಹಿಂದೆ ಉಳಿದಿರುತ್ತವೆ. ಪ್ರತಿ ಬಣ್ಣದಿಂದ ಒಂದೊಂದು ತುದಿ, ಅಂಚಿನ ಹೊಲಿಗೆಯ ದಾರದ ಒಂದು ಚೂರು, ಒಳಹೊಲಿಗೆಯ ಪಕ್ಕದ ಬಟ್ಟೆಯ ಒಂದು ಚೂರು ಕತ್ತರಿಸಿಕೊಳ್ಳಿ. ಒಂದು ಲೋಟ ನೀರಿಗೆ ಮುಂದೆ ಹೇಳುವ ಕೋಲ್ಡ್ ಬ್ರ್ಯಾಂಡ್ ಬಣ್ಣ ಒಂದು ಚಿಟಿಕೆ, ಅರ್ಧ ಚಮಚ ಉಪ್ಪು, ಅರ್ಧ ಚಮಚ ಸೋಡಾ ಆ್ಯಶ್ ಹಾಕಿ ಇವನ್ನೆಲ್ಲ ಒಂದು ಗಂಟೆ ನೆನೆಸಿ, ಆಮೇಲೆ ಬಿಸಿ ಸಾಬೂನು ನೀರಿನಲ್ಲಿ ಜಾಲಿಸಿ. ಬಟ್ಟೆಯ ಚೂರಿಗೆ ಬಣ್ಣ ಹತ್ತಿ ದಾರದ ತುದಿ ಹಾಗೇ ಉಳಿದರೆ ನಿಮ್ಮ ಕೆಲಸ ಮುಕ್ಕಾಲು ಮುಗಿಯಿತು. ಅಷ್ಟು ತಾಳ್ಮೆ ಇಲ್ಲದವರು ತುದಿಯನ್ನು ಕಡ್ಡಿಗೀರಿ ಸುಡಬಹುದು: ಪಾಲಿಯೆಸ್ಟರ್ ಕರಗಿ ಗಟ್ಟಿ ಮಣಿಯಾಗುತ್ತದೆ, ರೇಯಾನ್ ಮತ್ತು ಹತ್ತಿ ಕಾಗದದಂತೆ ಉರಿದು ಹಗುರ ಬೂದಿಯಾಗುತ್ತವೆ.

ಎರಡನೆಯದು ಪ್ರಿಂಟ್. ಅಕ್ಷರದ ಮೇಲೆ ಒಂದು ಹನಿ ನೀರು ಬಿಡಿ. ಹನಿ ಗುಂಡಗೆ ನಿಂತರೆ ಅದು ರಬ್ಬರ್ ಪ್ರಿಂಟ್, ಪ್ಲಾಸ್ಟಿಸಾಲ್ ಅಥವಾ ಅಂಟಿಸಿದ ವಿನೈಲ್. ಇವು ಬಟ್ಟೆಯ ಮೇಲೆ ಕೂತ ಪದರಗಳು, ನೀರಿನ ಬಣ್ಣ ಇವಕ್ಕೆ ಹತ್ತುವುದಿಲ್ಲ. ಹನಿ ಅಕ್ಷರದೊಳಗೆ ಇಂಗಿಹೋದರೆ ಅದು ತೆಳು ಪಿಗ್ಮೆಂಟ್ ಪ್ರಿಂಟ್ ಅಥವಾ ಡಿಸ್ಚಾರ್ಜ್ ಪ್ರಿಂಟ್. ಪಿಗ್ಮೆಂಟಿನಲ್ಲಿ ಬಣ್ಣದ ಕಣಗಳ ನಡುವೆ ಬಟ್ಟೆಯ ಎಳೆ ಬಯಲಾಗಿರುತ್ತದೆ. ಹೊಸ ಬಣ್ಣ ಅಲ್ಲಿ ಸೇರಿ, ಹಳದಿ ಅಕ್ಷರ ನೀಲಿಯಲ್ಲಿ ಮುಳುಗಿ ಹಸಿರಾಗಿ ಮೇಲೇಳುತ್ತದೆ. ಡಿಸ್ಚಾರ್ಜ್ ಪ್ರಿಂಟಿನಲ್ಲಿ ಅಕ್ಷರವೆಂದರೆ ಬಣ್ಣ ತೆಗೆದ ಬರಿಯ ಬಟ್ಟೆ. ಮುಳುಗಿಸಿದರೆ ಅಕ್ಷರ ಸುತ್ತಲಿನ ಬಟ್ಟೆಯ ಜತೆಗೇ ಬಣ್ಣ ಕುಡಿಯುತ್ತದೆ.

ಮೂರನೆಯದು ಬಿಸಿ. ರಬ್ಬರ್ ಪ್ರಿಂಟಿಗೆ ಬಣ್ಣದ ಭಯವಿಲ್ಲ, ಬಿಸಿಯ ಭಯವಿದೆ. ಕುದಿಯುವ ನೀರಿನಲ್ಲಿ ಅದು ಮೆತ್ತಗಾಗಿ ಮಡಿಕೆಯಲ್ಲಿ ಒಂದಕ್ಕೊಂದು ಅಂಟಿಕೊಳ್ಳುತ್ತದೆ, ಬಿಡಿಸಿದರೆ ಅಕ್ಷರ ಕಿತ್ತುಬರುತ್ತದೆ. ಅಂಟಿನಿಂದ ಕೂತ ವಿನೈಲ್ ಮತ್ತು ಫಿಲ್ಮಿನಲ್ಲಿ ಅಚ್ಚು ಮಾಡಿ ಬಟ್ಟೆಗೆ ಒತ್ತಿದ ಡಿಟಿಎಫ್ ಪ್ರಿಂಟುಗಳ ಅಂಚು ಬಿಸಿಗೆ ಏಳುತ್ತದೆ. ಎಂಬ್ರಾಯ್ಡರಿಗೂ ಬಿಸಿ ಒಳ್ಳೆಯದಲ್ಲ: ಹತ್ತಿ ಕುಗ್ಗುತ್ತದೆ, ಪಾಲಿಯೆಸ್ಟರ್ ದಾರ ಕುಗ್ಗುವುದಿಲ್ಲ, ಲಾಂಛನದ ಸುತ್ತ ನೆರಿಗೆ ಬೀಳುತ್ತದೆ. ಜರಿಯಂತೆ ಹೊಳೆಯುವ ಲೋಹದ ದಾರವಿದ್ದರೆ ಸೋಡಾದ ಭಯವೂ ಸೇರುತ್ತದೆ. ಇಂದಿನ ಅಗ್ಗದ ಜರಿಯ ಹೊಳಪು ಅಲ್ಯೂಮಿನಿಯಮ್ಮಿನದು, ಮೇಲಿನ ಲೇಪ ಸವೆದಿದ್ದರೆ ಸೋಡಾದ ನೀರು ಅದನ್ನು ತಿನ್ನುತ್ತದೆ.

ನಾಲ್ಕನೆಯದನ್ನು ಜನ ಮರೆಯುತ್ತಾರೆ: ಬಣ್ಣ ಹಾಕಿದ ಮೇಲೆ ಅಕ್ಷರ ಓದಲು ಬರಬೇಕು. ಕಪ್ಪು ಅಕ್ಷರವಿರುವ ಬಿಳಿ ಅಂಗಿಯನ್ನು ನೇವಿ ನೀಲಿ ಮಾಡಿಸಿದರೆ ಒಂದು ಅಕ್ಷರವೂ ಕೆಟ್ಟಿರುವುದಿಲ್ಲ, ಆದರೆ ಒಂದೂ ಕಾಣುವುದಿಲ್ಲ. ಕೆಂಪು ದಾರದ ಲಾಂಛನ ಮರೂನ್ ಬಟ್ಟೆಯಲ್ಲಿ ಮುಳುಗುತ್ತದೆ. ಇನ್ನೊಂದು ಮಿತಿಯೂ ಇದೆ. ಬಣ್ಣ ಎಂದೂ ಹಳೆಯದರ ಮೇಲೆ ಕೂಡುತ್ತದೆ, ಅಳಿಸುವುದಿಲ್ಲ. ಬಿಳಿ, ಕೆನೆ, ತಿಳಿ ಬೂದು ಅಂಗಿಗಳಿಗೆ ಯಾವ ಬಣ್ಣವಾದರೂ ಆದೀತು. ಹಳದಿಯನ್ನು ನೀಲಿ ಮಾಡಲು ಹೋದರೆ ಹಸಿರು ಬರುತ್ತದೆ. ಕಪ್ಪನ್ನು ತಿಳಿಯಾಗಿಸಲು ಮೊದಲು ಹೈಡ್ರೋಸ್ ಎಂಬ ರಾಸಾಯನಿಕದಲ್ಲಿ ಹಳೆಯ ಬಣ್ಣ ತೆಗೆಯಬೇಕು, ಅದಕ್ಕೆ ಬಿಸಿ ಬೇಕು, ನಾತವೂ ಬಹಳ. ಎಲ್ಲ ಬಣ್ಣವೂ ಪೂರ್ತಿ ಹೋಗುವುದಿಲ್ಲ, ರೇಯಾನ್ ದಾರದ ಬಣ್ಣವೂ ಜತೆಗೇ ಹೋಗಬಹುದು. ಗುರುತು ಉಳಿಯಬೇಕಾದ ಅಂಗಿಗೆ ಈ ದಾರಿ ಹಿಡಿಯಬೇಡಿ ಎನ್ನುವುದು ನನ್ನ ಗಟ್ಟಿ ಅಭಿಪ್ರಾಯ.

ಕೋಲ್ಡ್ ಬ್ರ್ಯಾಂಡ್ ಬಣ್ಣ, ಮನೆಯ ಬಕೆಟ್ಟಿನಲ್ಲಿ

ಈ ನಾಲ್ಕು ಅಳತೆಗಳಲ್ಲಿ ತೂಗಿದಾಗ ಒಂದೆರಡು ಅಂಗಿ ಇರುವವರಿಗೆ ನನ್ನ ಮೊದಲ ಆಯ್ಕೆ ಇದು. ಇದು ರಿಯಾಕ್ಟಿವ್ ಬಣ್ಣ. ಬ್ರಿಟನ್ನಿನ ಐಸಿಐ ಕಂಪನಿ 1956ರಲ್ಲಿ ಪ್ರೋಸಿಯಾನ್ ಹೆಸರಿನಲ್ಲಿ ಮಾರುಕಟ್ಟೆಗೆ ತಂದ ಜಾತಿ. ಹತ್ತಿಯ ಎಳೆಯ ಜತೆ ಈ ಬಣ್ಣ ರಾಸಾಯನಿಕವಾಗಿ ಬೆಸೆದುಕೊಳ್ಳುತ್ತದೆ, ಆದ್ದರಿಂದ ಒಗೆದಾಗ ಸುಲಭವಾಗಿ ಬಿಡುವುದಿಲ್ಲ. ಇದರಲ್ಲಿ ಕೋಲ್ಡ್ ಬ್ರ್ಯಾಂಡ್ ಎನ್ನುವ ಬಗೆಗೆ ಒಲೆಯೇ ಬೇಡ, ಮುಂಬಯಿಯ ಸಾಧಾರಣ ದಿನದ ಶಾಖವೇ ಸಾಕು. ಬಾಟಿಕ್ ಮಾಡುವವರು ಇದನ್ನೇ ಬಳಸುತ್ತಾರೆ, ಮೇಣ ಕರಗಬಾರದಲ್ಲ. ನಮ್ಮ ರಬ್ಬರ್ ಅಕ್ಷರಕ್ಕೂ ಅದೇ ಲಾಭ. ಪ್ರಿನ್ಸೆಸ್ ಸ್ಟ್ರೀಟಿನ ಕೆಮಿಕಲ್ ಅಂಗಡಿಗಳಲ್ಲೋ ಮಸ್ಜಿದ್ ಬಂದರ್ ಕಡೆಯ ಬಣ್ಣದ ವ್ಯಾಪಾರಿಗಳಲ್ಲೋ ಕೋಲ್ಡ್ ಬ್ರ್ಯಾಂಡ್ ಎಂದೇ ಕೇಳಿ. ಹೆಚ್ಚು ಕೊಂಡು ಇಟ್ಟುಕೊಳ್ಳಬೇಡಿ. ಇಲ್ಲಿನ ತೇವದ ಗಾಳಿಯಲ್ಲಿ ತೆರೆದ ಪುಡಿ ಕ್ರಮೇಣ ಶಕ್ತಿ ಕಳೆದುಕೊಳ್ಳುತ್ತದೆ.

ಒಂದು ಅಂಗಿಯ ಲೆಕ್ಕ ನೋಡೋಣ. ಹತ್ತಿಯ ಕಾಲರ್ ಟಿ-ಶರ್ಟು, ಒಣಗಿದ ತೂಕ 200 ಗ್ರಾಂ. ಎದೆಯಲ್ಲಿ ಕೆಂಪು ಹಳದಿ ಪಾಲಿಯೆಸ್ಟರ್ ದಾರದ ಲಾಂಛನ, ಬೆನ್ನಲ್ಲಿ ಕಪ್ಪು ರಬ್ಬರ್ ಪ್ರಿಂಟಿನ ಬಳಗದ ಹೆಸರು. ಮೊದಲು ಎಲ್ಲರಿಗೂ ಬೇಕಿದ್ದದ್ದು ನೇವಿ ನೀಲಿ ಎಂದಿಟ್ಟುಕೊಳ್ಳಿ. ಕಪ್ಪು ಅಕ್ಷರ ಮುಳುಗುತ್ತದೆಂದು ಅದನ್ನು ಬಿಟ್ಟು, ಆಕಾಶನೀಲಿಗಿಂತ ಒಂದು ಮೆಟ್ಟಿಲು ಗಾಢವಾದ ನೀಲಿಗೆ ಬರಬೇಕು. ಅದರ ಮೇಲೆ ಕಪ್ಪು, ಕೆಂಪು, ಹಳದಿ ಮೂರೂ ಎದ್ದು ಕಾಣುತ್ತವೆ. ಇಂಥ ಮಧ್ಯಮ ಬಣ್ಣಕ್ಕೆ ಬಟ್ಟೆಯ ತೂಕದ ನೂರಕ್ಕೆ ಎರಡರಷ್ಟು ಪುಡಿ ಸಾಕು, ಅಂದರೆ 4 ಗ್ರಾಂ. ನೀರು ಬಟ್ಟೆಯ ತೂಕದ ಇಪ್ಪತ್ತರಷ್ಟು, 4 ಲೀಟರ್. ಲೀಟರಿಗೆ 50 ಗ್ರಾಂ ಉಪ್ಪು, ಒಟ್ಟು 200 ಗ್ರಾಂ. ಅಡುಗೆಯ ಉಪ್ಪೇ ಆದೀತು. ಲೀಟರಿಗೆ 15 ಗ್ರಾಂ ಸೋಡಾ ಆ್ಯಶ್, ಒಟ್ಟು 60 ಗ್ರಾಂ. ಅಂಗಡಿಯಲ್ಲಿ ಹರಳಿನಂಥ ವಾಷಿಂಗ್ ಸೋಡಾ ಕೊಟ್ಟರೆ ಅದರಲ್ಲಿ ನೀರಿನ ಅಂಶವೇ ಹೆಚ್ಚು, ಸುಮಾರು ಎರಡೂ ಮುಕ್ಕಾಲು ಪಟ್ಟು, ಅಂದರೆ 160 ಗ್ರಾಂ ಬೇಕು. ಅಡುಗೆ ಸೋಡಾ ಮಾತ್ರ ಬೇಡ, ಅದರ ಕ್ಷಾರ ಸಾಲದು.

ಬಣ್ಣಕ್ಕೆ ಮುಂಚೆ ಅಂಗಿಯನ್ನು ಸಾಬೂನು ಮತ್ತು ಸ್ವಲ್ಪ ಸೋಡಾ ಹಾಕಿದ ಬಿಸಿನೀರಿನಲ್ಲಿ, ಕೈ ತಾಳುವಷ್ಟು ಬಿಸಿಯಲ್ಲಿ, ಚೆನ್ನಾಗಿ ಒಗೆಯಿರಿ. ಕಂಕುಳಲ್ಲಿ ಉಳಿದ ಬೆವರಿನ ಕಲೆ, ಎಣ್ಣೆ, ಕಂಫರ್ಟಿನಂಥ ಮೃದುಕಾರಕದ ಪದರ ಬಣ್ಣವನ್ನು ತಡೆಯುತ್ತವೆ, ಅಲ್ಲಲ್ಲೇ ತೇಪೆ ಕಾಣುತ್ತದೆ. ಇಡೀ ಕೆಲಸದಲ್ಲಿ ನಿಜವಾಗಿ ಫಲಿತಾಂಶ ಕೆಡುವುದು ಇಲ್ಲೇ. ಒದ್ದೆ ಅಂಗಿಯನ್ನೇ ಬಣ್ಣಕ್ಕೆ ಇಳಿಸಬೇಕು. ಪುಡಿಯನ್ನು ಸ್ವಲ್ಪ ನೀರಿನಲ್ಲಿ ಗಂಟಿಲ್ಲದಂತೆ ಕಲಸಿ ಬಕೆಟ್ಟಿಗೆ ಸುರಿಯಿರಿ, ಉಪ್ಪು ಕರಗಿಸಿ ಸೇರಿಸಿ, ಅಂಗಿ ಇಳಿಸಿ ಇಪ್ಪತ್ತು ನಿಮಿಷ ಕೈಯಾಡಿಸುತ್ತಿರಿ. ಸೋಡಾವನ್ನು ಬೇರೆ ನೀರಿನಲ್ಲಿ ಕರಗಿಸಿಟ್ಟು, ಅಂಗಿಯನ್ನು ಪಕ್ಕಕ್ಕೆ ಎತ್ತಿ, ಮೂರು ಕಂತಿನಲ್ಲಿ ಸೇರಿಸಿ. ಬಟ್ಟೆಯ ಮೇಲೆಯೇ ಸುರಿದರೆ ಬಿದ್ದ ಕಡೆ ಕಪ್ಪು ಮಚ್ಚೆಯಾಗುತ್ತದೆ. ಸೋಡಾ ಬಿದ್ದ ಮೇಲೆ ಒಂದು ಗಂಟೆ, ಆಗಾಗ ತಿರುವುತ್ತಾ ಬಿಡಿ. ಆಮೇಲೆ ತಣ್ಣೀರಿನಲ್ಲಿ ಜಾಲಿಸಿ, ನೀರು ತಿಳಿಯಾದ ಮೇಲೆ 60 ಡಿಗ್ರಿ ಮೀರದ ಬಿಸಿ ಸಾಬೂನು ನೀರಿನಲ್ಲಿ ಹತ್ತು ನಿಮಿಷ. ಅಕ್ಷರ ವಿನೈಲ್ ಅಥವಾ ಡಿಟಿಎಫ್ ಆಗಿದ್ದರೆ ಇದನ್ನು ಬೆಚ್ಚಗಿನ ನೀರಿಗೇ ಇಳಿಸಿ, ಎರಡು ಮೂರು ಸಲ ಮಾಡಿ. ಎಂಬ್ರಾಯ್ಡರಿಯ ಮೇಲೆ ಕೂತ ತೆಳು ನೀಲಿ ಛಾಯೆ ಹೋಗುವುದು ಈ ಸಾಬೂನಿನ ಹಂತದಲ್ಲೇ. ಬಣ್ಣದ ಬಕೆಟ್ಟಿನಿಂದ ತೆಗೆದಾಗ ಹಳದಿ ದಾರ ಹಸಿರು ಕಂಡಿತೆಂದು ಗಾಬರಿ ಬೀಳಬೇಡಿ. ಪಾಲಿಯೆಸ್ಟರಿನಲ್ಲಿ ಅದು ಮೇಲುಮೇಲಿನದು, ಬೆಸೆದದ್ದಲ್ಲ.

ಪುಡಿ ಕಲಸುವಾಗ ಮೂಗಿಗೆ ಮಾಸ್ಕ್, ಕೈಗೆ ಗವಸು ಬೇಕೇ ಬೇಕು. ಈ ಪುಡಿಯನ್ನು ಉಸಿರಾಡಿದರೆ ಕೆಲವರಿಗೆ ಉಬ್ಬಸದ ಅಲರ್ಜಿ ಹತ್ತುತ್ತದೆ, ಒಮ್ಮೆ ಹತ್ತಿದರೆ ಮತ್ತೆ ಬಿಡುವುದಿಲ್ಲ. ಫ್ಯಾನ್ ಆರಿಸಿಯೇ ಡಬ್ಬಿ ತೆರೆಯಿರಿ. ಪಾತ್ರೆ ಪ್ಲಾಸ್ಟಿಕ್ಕೋ ಸ್ಟೀಲೋ ಆಗಿರಲಿ, ಅಲ್ಯೂಮಿನಿಯಂ ಬೇಡ. ಬಣ್ಣಕ್ಕಿಟ್ಟ ಪಾತ್ರೆ ಅಡುಗೆಮನೆಗೆ ಮರಳಬಾರದು.

ಈ ದಾರಿಯ ಕೊರತೆ ಎರಡು. ಒಂದು, ಟಿ-ಶರ್ಟಿನ ಹೊಲಿಗೆ ದಾರವೂ ಸಾಮಾನ್ಯವಾಗಿ ಪಾಲಿಯೆಸ್ಟರ್. ಲಾಂಛನದ ಜತೆ ಅದೂ ಬಿಳಿಯಾಗೇ ಉಳಿಯುತ್ತದೆ. ಭುಜ, ತೋಳು, ಅಂಚುಗಳಲ್ಲಿ ಬಿಳಿ ಗೆರೆ ಎದ್ದು ಕಾಣುತ್ತದೆ. ಕೆಲವರಿಗೆ ಅದು ಅಂದವೇ, ಆದರೆ ಮೊದಲೇ ತಿಳಿದಿರಲಿ. ಇನ್ನೊಂದು, ಬಟ್ಟೆ ಶುದ್ಧ ಹತ್ತಿಯಲ್ಲದೆ ಮಿಶ್ರವಾಗಿದ್ದರೆ ಅದರಲ್ಲಿನ ಹತ್ತಿ ಮಾತ್ರ ಬಣ್ಣ ಹಿಡಿದು ಮಸುಕಾದ, ಬೆರಕೆ ಛಾಯೆ ಬರುತ್ತದೆ. ಎಷ್ಟು ಪುಡಿ ಸುರಿದರೂ ಗಾಢವಾಗದು. ಅಂಗಿಯ ಮೈ ಹತ್ತಿ, ಕಾಲರ್ ಮಿಶ್ರ ಎಂಬ ಟಿ-ಶರ್ಟುಗಳೂ ಇವೆ. ಅವುಗಳಲ್ಲಿ ಕಾಲರ್ ತಿಳಿಯಾಗಿ ಉಳಿಯುತ್ತದೆ.

ಪೊಟ್ಟಣದ ಬಣ್ಣ, ಒಲೆಯ ಮೇಲೆ

ಅಂಗಡಿಯ ಚಿಕ್ಕ ಪೊಟ್ಟಣ ಅಗ್ಗ, ಸುಲಭವಾಗಿ ಸಿಗುತ್ತದೆ, ಉಪ್ಪಷ್ಟೇ ಸಾಕು. ಅದರಲ್ಲಿ ಹೆಚ್ಚಾಗಿ ಇರುವುದು ಡೈರೆಕ್ಟ್ ಬಣ್ಣ. ಅದಕ್ಕೆ ಕುದಿಯ ಹತ್ತಿರದ ಬಿಸಿ ಬೇಕು. ಆ ಬಿಸಿಯಲ್ಲಿ ರಬ್ಬರ್ ಅಕ್ಷರ, ವಿನೈಲ್, ಎಂಬ್ರಾಯ್ಡರಿಯ ಸುತ್ತಲಿನ ಬಟ್ಟೆ ಮೂರಕ್ಕೂ ಅಪಾಯ ಎಂದು ಮೇಲೆ ಹೇಳಿದ್ದೇನೆ. ಬಣ್ಣ ಎಳೆಗೆ ಬೆಸೆಯುವುದಿಲ್ಲ, ಹಿಡಿದುಕೊಂಡಿರುತ್ತದೆ ಅಷ್ಟೆ, ಹಾಗಾಗಿ ಪ್ರತಿ ಒಗೆತದಲ್ಲೂ ಸ್ವಲ್ಪ ಬಿಡುತ್ತದೆ, ಜತೆಗೆ ಒಗೆದ ಬಿಳಿ ಬಟ್ಟೆಗೆ ಹತ್ತುತ್ತದೆ. ಫಿಕ್ಸರ್ ಹಾಕಿದರೆ ತಡೆ ಬರುತ್ತದೆ, ಪೂರ್ತಿ ನಿಲ್ಲುವುದಿಲ್ಲ. ಎಲ್ಲ ನಾರಿಗೂ ಆಗುತ್ತದೆ ಎಂದು ಬರೆದ ಪೊಟ್ಟಣಗಳಲ್ಲಿ ಆ್ಯಸಿಡ್ ಬಣ್ಣವೂ ಬೆರೆತಿರುತ್ತದೆ, ಅದು ನೈಲಾನ್ ದಾರ, ನೈಲಾನ್ ಲೇಬಲ್‌ಗಳಿಗೂ ಹಿಡಿಯುತ್ತದೆ. ಪಾಲಿಯೆಸ್ಟರಿಗೆ ಎಂದೇ ಮಾರುವ ಪೊಟ್ಟಣವಂತೂ ಲಾಂಛನವನ್ನೇ ಬಣ್ಣಗೆಡಿಸುತ್ತದೆ, ಅದನ್ನು ಮುಟ್ಟಬೇಡಿ.

ಹಾಗಾದರೆ ಇದು ಯಾರಿಗೆ? ಅಂಗಿಯ ಮೇಲೆ ಪ್ರಿಂಟ್ ಇಲ್ಲ, ಪಾಲಿಯೆಸ್ಟರ್ ಎಂಬ್ರಾಯ್ಡರಿ ಮಾತ್ರ ಇದೆ, ಬಟ್ಟೆ ಹಲವು ಸಲ ಒಗೆದು ಕುಗ್ಗುವುದೆಲ್ಲ ಕುಗ್ಗಿಯಾಗಿದೆ, ಒಂದೆರಡು ಸಲ ತೊಟ್ಟರೆ ಸಾಕು ಎನ್ನುವವರಿಗೆ. ಒಂದು ಕಾರ್ಯಕ್ರಮದ ಮಟ್ಟಿಗೆ ಇದರಷ್ಟು ಅಗ್ಗದ ದಾರಿ ಇಲ್ಲ.

ರಂಗಾರಿ ಅಥವಾ ಡೈಯಿಂಗ್ ಘಟಕ

ಅಂಗಿಗಳ ಸಂಖ್ಯೆ ಹೆಚ್ಚಾದಂತೆ ಬಕೆಟ್ಟಿನ ಲೆಕ್ಕ ಮುರಿಯುತ್ತದೆ. ಮೇಲಿನಂಥ ಮೂವತ್ತು ಅಂಗಿ ಎಂದರೆ 6 ಕಿಲೋ ಬಟ್ಟೆ, 120 ಲೀಟರ್ ನೀರು. ಮನೆಯಲ್ಲಿ ಐದೈದರಂತೆ ಹಾಕಿದರೆ ಆರು ಕಂತಾಗುತ್ತದೆ. ಪುಡಿಯ ತೂಕ, ನೀರಿನ ಅಳತೆ, ಆ ದಿನದ ಶಾಖ ಎಲ್ಲವೂ ಸ್ವಲ್ಪ ಸ್ವಲ್ಪ ಬದಲಾಗಿ ಕಂತಿಗೊಂದು ನೀಲಿ ಬರುತ್ತದೆ. ವೇದಿಕೆಯ ಮೇಲೆ ಸಾಲಾಗಿ ನಿಂತಾಗ ಅದು ಎದ್ದು ಕಾಣುತ್ತದೆ. ಬಳಗಕ್ಕೆ ಒಂದೇ ಛಾಯೆ ಮುಖ್ಯ, ಅದನ್ನು ಕೊಡುವುದು ಒಂದೇ ಯಂತ್ರದಲ್ಲಿ ಎಲ್ಲವನ್ನೂ ಒಮ್ಮೆಗೇ ತಿರುಗಿಸುವ ಘಟಕ.

ಇಲ್ಲಿನ ತೊಡಕು ಬಿಸಿಯದ್ದು, ಉಜ್ಜಾಟದ್ದು. ಘಟಕಗಳು 60 ಡಿಗ್ರಿಯಲ್ಲೋ 80 ಡಿಗ್ರಿಯಲ್ಲೋ ಹಿಡಿಯುವ ರಿಯಾಕ್ಟಿವ್ ಬಣ್ಣಗಳನ್ನೂ ಬಳಸುತ್ತವೆ, ಕೊನೆಯ ಸಾಬೂನಿನ ಹಂತವನ್ನು ಕುದಿಯ ಹತ್ತಿರ ಮಾಡುವುದು ಅವರ ರೂಢಿ. ಬರಿಯ ಬಟ್ಟೆಗೆ ಅದೇ ಸರಿ, ಬಣ್ಣ ಹೆಚ್ಚು ಗಟ್ಟಿ. ಮೇಲೆ ಅಕ್ಷರವಿರುವ ಅಂಗಿಗೆ ಅದು ಸರಿಯಲ್ಲ. ಆದ್ದರಿಂದ ಕೊಡುವಾಗ ಬಾಯಿಬಿಟ್ಟು ಹೇಳಬೇಕಾದದ್ದು ಇಷ್ಟು: ಬಣ್ಣ ಕೋಲ್ಡ್ ಬ್ರ್ಯಾಂಡೋ 60 ಡಿಗ್ರಿಯದೋ ಆಗಿರಲಿ, ಸಾಬೂನೂ 60 ದಾಟದಿರಲಿ, ಅಂಗಿಗಳನ್ನು ಒಳಹೊರಗು ಮಗುಚಿ ಹಾಕಿ, ಬಿಸಿ ಡ್ರೈಯರ್ ಬೇಡ, ಅಕ್ಷರದ ಮೇಲೆ ಇಸ್ತ್ರಿ ಬೇಡ. ಹೈಡ್ರೋಸ್ ಹಾಕಿ ಬಿಳಿ ಮಾಡಿ ಆಮೇಲೆ ಬಣ್ಣ ಹಾಕುತ್ತೇವೆ ಎಂದರೆ, ಲಾಂಛನದ ದಾರ ಯಾವುದೆಂದು ಗೊತ್ತಾಗುವವರೆಗೆ ಒಪ್ಪಬೇಡಿ.

ನಮ್ಮ ಬಳಗದ ಹಿರಿಯ ಅಕ್ಕ ಒಬ್ಬರು ಇಂಥ ಕೆಲಸ ಕೊಡಲು ಹೋದಾಗ ರಂಗಾರಿ ಕೇಳಿದ ಮೊದಲ ಪ್ರಶ್ನೆ ಬಣ್ಣದ್ದಲ್ಲ. "ಅಕ್ಕಾ, ಎಲ್ಲ ಅಂಗಿ ಒಂದೇ ಲಾಟಿನದಾ?" ಎಂದರಂತೆ. ಅದು ಸರಿಯಾದ ಪ್ರಶ್ನೆ. ಬೇರೆ ಬೇರೆ ವರ್ಷ ಮಾಡಿಸಿದ ಅಂಗಿಗಳಲ್ಲಿ ಒಂದು ಶುದ್ಧ ಹತ್ತಿ, ಇನ್ನೊಂದು ಮಿಶ್ರ ಇದ್ದರೆ ಒಂದೇ ಯಂತ್ರದಿಂದ ಎರಡು ಬಣ್ಣ ಹೊರಬರುತ್ತವೆ, ಅದಕ್ಕೆ ರಂಗಾರಿಯನ್ನು ದೂರುವಂತಿಲ್ಲ. ಕೊಡುವ ಮೊದಲು ಲಾಟುಗಳನ್ನು ಬೇರ್ಪಡಿಸಿ, ಪ್ರತಿ ಲಾಟಿನಿಂದ ಹಳೆಯ ಒಂದೊಂದನ್ನು ಮಾದರಿಗೆ ಕೊಡಿ. ಮಾದರಿ ಒಣಗಿದ ಮೇಲೆ ಹಗಲಿನ ಬೆಳಕಿನಲ್ಲಿ ನೋಡಿ, ಅಕ್ಷರವನ್ನು ಬೆರಳಿನಿಂದ ಎಳೆದು ಬಿರುಕು ಬಿಟ್ಟಿದೆಯೇ ಎಂದು ಪರೀಕ್ಷಿಸಿ, ಒದ್ದೆ ಬಿಳಿ ಬಟ್ಟೆಯಿಂದ ಒಮ್ಮೆ ಉಜ್ಜಿ ಬಣ್ಣ ಬಿಡುತ್ತದೆಯೇ ನೋಡಿ. ಆಮೇಲೆ ಉಳಿದವನ್ನು ಒಪ್ಪಿಸಿ. ಒಂದೋ ಎರಡೋ ಅಂಗಿಗೆ ಘಟಕಗಳು ಯಂತ್ರ ಹೂಡುವುದಿಲ್ಲ; ಬೇರೆಯವರ ಬಟ್ಟೆಯ ಜತೆ ಅವರ ಬಣ್ಣದಲ್ಲೇ ಹಾಕಿಕೊಟ್ಟರೆ ಅದು ನಿಮ್ಮ ಬಣ್ಣವಾಗುವುದಿಲ್ಲ. ಅಂಥವರಿಗೆ ಬಕೆಟ್ಟೇ ವಾಸಿ.

ಮೇಣ ಹಚ್ಚಿ ಮುಚ್ಚುವುದು

ದಾರವೂ ಹತ್ತಿ, ಬಟ್ಟೆಯೂ ಹತ್ತಿ ಆದಾಗ, ಇಲ್ಲವೇ ಹನಿ ಇಂಗುವ ಪಿಗ್ಮೆಂಟ್ ಪ್ರಿಂಟ್ ಆದಾಗ ರಸಾಯನಶಾಸ್ತ್ರ ನಿಮ್ಮ ಪರ ನಿಲ್ಲುವುದಿಲ್ಲ. ಆಗ ಗುರುತನ್ನು ಕೈಯಾರೆ ಮುಚ್ಚಬೇಕು. ಪ್ಯಾರಾಫಿನ್ ಮತ್ತು ಜೇನುಮೇಣ ಬೆರೆಸಿ, ನೇರ ಉರಿಯ ಮೇಲಲ್ಲ, ಬಿಸಿನೀರಿನ ಪಾತ್ರೆಯೊಳಗೆ ಇನ್ನೊಂದು ಪಾತ್ರೆಯಿಟ್ಟು ಕರಗಿಸಿ ಕುಂಚದಿಂದ ಹಚ್ಚುತ್ತಾರೆ. ಬಟ್ಟೆ ಗಾಜಿನಂತೆ ಪಾರದರ್ಶಕವಾಗಿ ಕಂಡರೆ ಮೇಣ ಒಳಗಿಳಿದಿದೆ. ಬೆಳ್ಳಗೆ ಮೇಲೆಯೇ ಕೂತರೆ ಮೇಣ ತಣ್ಣಗಿದೆ, ಬಣ್ಣ ಅಡಿಯಿಂದ ನುಸುಳುತ್ತದೆ. ಬಣ್ಣ ಕೋಲ್ಡ್ ಬ್ರ್ಯಾಂಡೇ ಆಗಬೇಕು. ನೀರಿನಲ್ಲಿ ಬಟ್ಟೆಯನ್ನು ಮಡಚಿ ಹಿಂಡಿದರೆ ಮೇಣ ಒಡೆದು ಬಿರುಕಿನ ಗೆರೆ ಬೀಳುತ್ತದೆ. ಬಾಟಿಕ್ಕಿಗೆ ಅದು ಚೆಂದ, ಅಕ್ಷರಕ್ಕೆ ಕಳಂಕ.

ಇದರ ಬೆಲೆ ದುಡ್ಡಿನದ್ದಲ್ಲ, ಅಂಚಿನದ್ದು. ಒಂದೊಂದು ಅಕ್ಷರದ ಗೆರೆಗೇ ಮೇಣ ನಿಲ್ಲಿಸುವುದು ಪಳಗಿದ ಕೈಗೂ ಕಷ್ಟ, ಸುತ್ತ ಬಿಳಿ ಅಂಚು ಉಳಿದೇ ಉಳಿಯುತ್ತದೆ. ಆದ್ದರಿಂದ ಅಕ್ಷರಗಳನ್ನು ಬಿಡಿಬಿಡಿಯಾಗಿ ಮುಚ್ಚಲು ಹೋಗದೆ, ಲಾಂಛನದ ಸುತ್ತ ನೇರ ಅಂಚಿನ ಒಂದು ಚೌಕವನ್ನೋ ವೃತ್ತವನ್ನೋ ಮುಚ್ಚುವುದು ಜಾಣತನ. ಬಿಳಿ ಚೌಕದೊಳಗೆ ಲಾಂಛನ ಬೇಕೆಂದೇ ಮಾಡಿದಂತೆ ಕಾಣುತ್ತದೆ. ಮೇಣ ತೆಗೆಯಲು ಹಳೆಯ ಪತ್ರಿಕೆಗಳ ನಡುವೆ ಇಸ್ತ್ರಿ ಮಾಡಿ, ಉಳಿದದ್ದನ್ನು ಸಾಬೂನು ಸೋಡಾ ಹಾಕಿ ಕುದಿಸಬೇಕು. ಹಾಗಾಗಿ ಅದೇ ಅಂಗಿಯಲ್ಲಿ ರಬ್ಬರ್ ಪ್ರಿಂಟೂ ಇದ್ದರೆ ಈ ದಾರಿ ಮುಚ್ಚಿದಂತೆಯೇ.

ಧಾರವಾಡದ ಕಡೆಯಿಂದ ಬಂದ ಕೈಕಸೂತಿಯ ಕುರ್ತಾ, ಸೀರೆ ಇಟ್ಟುಕೊಂಡು ಇದನ್ನು ಕೇಳುವ ಅಕ್ಕಂದಿರಿಗೆ ಒಂದು ಮಾತು. ಕಸೂತಿಯಲ್ಲಿ ಎಳೆ ಎಣಿಸಿ, ಗಂಟು ಹಾಕದೆ ಹೊಲಿಯುತ್ತಾರೆ, ಗವಂತಿ ಹೊಲಿಗೆ ಎರಡೂ ಬದಿಯಲ್ಲಿ ಒಂದೇ ಥರ ಕಾಣುತ್ತದೆ. ಅಂದರೆ ಮೇಣವೂ ಎರಡೂ ಬದಿಯಿಂದ ಆಗಬೇಕು, ಕುದಿಸಿದಾಗ ಕಸೂತಿಯ ದಾರದ ಹಳೆಯ ಬಣ್ಣ ಬಿಡದು ಎಂಬ ಭರವಸೆಯೂ ಇಲ್ಲ. ಗೋಪುರ, ತೇರು, ಆನೆಗಳ ಅಷ್ಟೊಂದು ಕೈಕೆಲಸವನ್ನು ಬಕೆಟ್ಟಿನ ಅದೃಷ್ಟಕ್ಕೆ ಬಿಡಬೇಡಿ. ಬಟ್ಟೆ ಮಾಸಿದ್ದರೆ ಮಾಸಿದ ಹಾಗೇ ಇರಲಿ.

ಗುರುತನ್ನೇ ಕತ್ತರಿಸಿ ಕೂಡಿಸುವುದು

ದಾರ ರೇಯಾನ್ ಎಂದು ಪರೀಕ್ಷೆಯಲ್ಲಿ ತಿಳಿದರೆ, ಇಲ್ಲವೇ ಬಟ್ಟೆ ಮಿಶ್ರ ಎಂದು ಗೊತ್ತಾದರೆ, ಬಣ್ಣದ ಹಾದಿಯನ್ನೇ ಬಿಟ್ಟು ಲಾಂಛನವನ್ನು ಸುತ್ತ ಒಂದು ಸೆಂಟಿಮೀಟರ್ ಬಿಟ್ಟು ಕತ್ತರಿಸಿ, ಅಂಚು ಮಡಿಚಿ, ಬೇಕಾದ ಬಣ್ಣದ ಹೊಸ ಬರಿಯ ಟಿ-ಶರ್ಟಿಗೆ ಹೊಲಿಸುವುದು ಒಳ್ಳೆಯ ದಾರಿ. ಎಂಬ್ರಾಯ್ಡರಿಯ ಹಿಂದೆ ಮೊದಲೇ ಗಟ್ಟಿ ಕಾಗದದಂಥ ಬ್ಯಾಕಿಂಗ್ ಇರುವುದರಿಂದ ಅದು ಎಳೆದಾಡುವುದಿಲ್ಲ, ಯಾವ ಟೇಲರ್ ಬೇಕಾದರೂ ಹೊಲಿದಾರು. ಬೆನ್ನಿನ ದೊಡ್ಡ ಪ್ರಿಂಟಿಗೆ ಮಾತ್ರ ಇದು ಹೊಂದದು. ಹೆಣಿಗೆಯ ಬಟ್ಟೆ ಹಿಗ್ಗುತ್ತದೆ, ಒಳಗೆ ಅಂಟುವ ಕ್ಯಾನ್ವಾಸ್ ಕೊಟ್ಟರೂ ಬೆನ್ನು ಬಿರುಸಾಗುತ್ತದೆ. ಆ ಕ್ಯಾನ್ವಾಸ್ ಅಂಟಿಸಲು ಇಸ್ತ್ರಿ ಬೇಕು, ಅದೂ ರಬ್ಬರಿಗೆ ಸಲ್ಲದು.

ಹೊಸದಾಗಿ ಎಂಬ್ರಾಯ್ಡರಿ ಮಾಡಿಸುವುದಕ್ಕೂ ಇದಕ್ಕೂ ಖರ್ಚು ತೂಗುವಾಗ ಒಂದು ಸಂಗತಿ ನೆನಪಿರಲಿ. ಯಂತ್ರದ ಎಂಬ್ರಾಯ್ಡರಿಗೆ ಎರಡು ದುಡ್ಡು: ವಿನ್ಯಾಸವನ್ನು ಯಂತ್ರಕ್ಕೆ ತಿಳಿಯುವಂತೆ ಮಾಡುವ ಒಂದು ಸಲದ ಶುಲ್ಕ, ಆಮೇಲೆ ಹೊಲಿಗೆಗಳ ಎಣಿಕೆಯ ಮೇಲೆ ಪ್ರತಿ ಅಂಗಿಗೆ. ಹಳೆಯ ಲಾಂಛನದ ಕಡತ ಅಂದು ಮಾಡಿಕೊಟ್ಟವರ ಬಳಿ ಇನ್ನೂ ಇದ್ದರೆ ಮೊದಲನೆಯದು ಉಳಿಯುತ್ತದೆ. ಹೋಗಿ ಕೇಳಿ. ಸಂಖ್ಯೆ ದೊಡ್ಡದಾಗಿದ್ದು ಅಂಗಿಗಳು ಕುತ್ತಿಗೆಯಲ್ಲಿ, ಕಂಕುಳಲ್ಲಿ ಸವೆದಿದ್ದರೆ ಹೊಸದೇ ಲಾಭ. ಸವೆದ ಎಳೆಗೆ ಬಣ್ಣ ಹಾಕಿದರೆ ತೂತು ಮುಚ್ಚುವುದಿಲ್ಲ.

ಹಾಗಾದರೆ ನೀವು?

ಒಂದು ಅಂಗಿ, ಶುದ್ಧ ಹತ್ತಿ, ಪಾಲಿಯೆಸ್ಟರ್ ದಾರ, ಗುಂಡಗೆ ನಿಲ್ಲುವ ಹನಿ: ಕೋಲ್ಡ್ ಬ್ರ್ಯಾಂಡ್ ತಂದು ಒಂದು ಮಧ್ಯಾಹ್ನ ಕೊಡಿ. ಇದೇ ಗುಣದ ಹತ್ತಿಪ್ಪತ್ತು ಅಂಗಿಗಳಿದ್ದರೆ ಮಾದರಿ ಒಪ್ಪಿದ ಮೇಲೆ ಘಟಕಕ್ಕೆ ಕೊಡಿ, ತಲಾ ಖರ್ಚೂ ಇಳಿಯುತ್ತದೆ. ಹನಿ ಇಂಗಿದರೆ, ಬಿಳಿ ಚೌಕ ನಿಮಗೆ ಒಪ್ಪಿಗೆಯಿದ್ದರೆ ಮೇಣ. ಒಪ್ಪಿಗೆಯಿಲ್ಲದಿದ್ದರೆ ಅಕ್ಷರದ ಬಣ್ಣ ನೋಡಿ. ಕಪ್ಪು ಅಥವಾ ಕಡುನೀಲಿ ಪಿಗ್ಮೆಂಟ್ ಅಕ್ಷರ ತಿಳಿ ಹಳದಿಯಲ್ಲೋ ತಿಳಿ ಗುಲಾಬಿಯಲ್ಲೋ ಮುಳುಗಿದರೂ ಹೆಚ್ಚು ಬದಲಾಗುವುದಿಲ್ಲ, ಮುಚ್ಚುವ ಗೋಜೇ ಬೇಡ. ರೇಯಾನ್ ದಾರಕ್ಕೂ ಇದೇ ಮಾತು: ಲಾಂಛನ ಪೂರ್ತಿ ಕಡುಬಣ್ಣದ್ದಾಗಿದ್ದರೆ ತಿಳಿಬಣ್ಣಕ್ಕೆ ಧೈರ್ಯ ಮಾಡಿ, ಅದರಲ್ಲಿ ಬಿಳಿಯೋ ಹಳದಿಯೋ ಇದ್ದರೆ ಕತ್ತರಿ ಹಿಡಿಯಿರಿ.

ಯಾವ ದಾರಿ ಹಿಡಿದರೂ ಮೊದಲ ಮೂರು ನಾಲ್ಕು ಒಗೆತ ಬೇರೆಯಾಗಿ, ತಣ್ಣೀರಿನಲ್ಲಿ, ಒಳಹೊರಗು ಮಗುಚಿ ಮಾಡಿ. ನೆನೆಹಾಕಿ ಬಿಡಬೇಡಿ, ಒದ್ದೆಯಲ್ಲೇ ಮಡಚಿಡಬೇಡಿ. ಬೆಸೆಯದೆ ಉಳಿದ ಬಣ್ಣ ಆಗಲೇ ಅಕ್ಷರದ ಮೇಲೆ ಮತ್ತೆ ಕೂರುವುದು. ನೆರಳಿನಲ್ಲಿ ಒಣಗಿಸಿ, ಇಸ್ತ್ರಿ ಬೇಕಾದರೆ ಒಳಬದಿಯಿಂದ, ಅಕ್ಷರದ ಜಾಗ ಬಿಟ್ಟು.